ಲುಕ್ ಯಾವ ಕಡೆ? ಇಬ್ಬರ ಮಾತುಕತೆಯನ್ನು ಚಿತ್ರಿಸುತ್ತ ಬಂದ ಬಗೆ

ಈಚೆಗೆ ಕಿರುಚಿತ್ರ ಮಾಡುವ ಹುಡುಗರ ಜೊತೆ ಕೂತಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತದೆ. "ಲೈನ್ ಕ್ರಾಸ್ ಆಗಿರೋದು ಗೊತ್ತು ಸಾರ್, ಬೇಕಂತಲೇ ಮಾಡಿದ್ದು. ಓಝು ಮಾಡಿಲ್ವಾ?" ಓಝು ಮಾಡಿದ್ದು ನಿಜ. ಆದರೆ ಅವರು ಏನು ಬಿಟ್ಟರು, ಬಿಟ್ಟದ್ದರ ಜಾಗಕ್ಕೆ ಏನು ತಂದರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಈ ನಿಯಮ ಎಲ್ಲಿಂದ ಬಂತು, ನಮ್ಮಲ್ಲಿ ಹೇಗೆ ಬಳಕೆಯಾಯಿತು ಎಂಬುದನ್ನು ಯಾರೂ ಕನ್ನಡದಲ್ಲಿ ಬರೆದಿಡದೆ ಹೋದದ್ದೂ ಅದಕ್ಕೆ ಕಾರಣ.

ನಿಯಮ ಸರಳವಾದದ್ದು. ಎದುರುಬದುರು ಇರುವ ಇಬ್ಬರ ಕಣ್ಣಿಂದ ಕಣ್ಣಿಗೆ ಒಂದು ಗೆರೆ ಎಳೆದುಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಬದಿಯ ಅರ್ಧವೃತ್ತದೊಳಗೆ ಎಲ್ಲಿ ಬೇಕಾದರೂ ಇರಲಿ, ಆಚೆ ಬದಿಗೆ ಮಾತ್ರ ಹೋಗಬಾರದು. ಆಗ ಎಡಗಡೆ ಇರುವವನು ಯಾವ ಶಾಟ್‌ನಲ್ಲೂ ಬಲಕ್ಕೇ ನೋಡುತ್ತಾನೆ, ಬಲಗಡೆ ಇರುವವನು ಎಡಕ್ಕೆ. ಎರಡು ಕ್ಲೋಸಪ್ ಒಂದರ ಹಿಂದೆ ಒಂದು ಬಂದಾಗ ನೋಟಗಳು ಕೂಡುತ್ತವೆ. ಪುಸ್ತಕದವರು ಇದನ್ನು 180 ಡಿಗ್ರಿ ರೂಲ್ ಎನ್ನುತ್ತಾರೆ. ನಮ್ಮ ಸೆಟ್‌ಗಳಲ್ಲಿ ಕೇಳಿಬರುತ್ತಿದ್ದ ಪ್ರಶ್ನೆ ಒಂದೇ: "ಲುಕ್ ಯಾವ ಕಡೆ?" ನನಗೆ ಸೆಟ್ಟಿನ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ. ಗೆರೆ ಎಳೆಯುವುದು ಕುರ್ಚಿಗಳಲ್ಲ, ಭುಜಗಳಲ್ಲ, ಕಣ್ಣುಗಳು. ಕಣ್ಣು ತಿರುಗಿದರೆ ಗೆರೆಯೂ ತಿರುಗುತ್ತದೆ.

ಸಿನಿಮಾ ಹುಟ್ಟಿದ ಮೊದಲ ವರ್ಷಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ನಾಟಕದ ಪ್ರೇಕ್ಷಕ ಕೂರುವ ಜಾಗದಲ್ಲಿ ಕ್ಯಾಮೆರಾ ನಿಲ್ಲುತ್ತಿತ್ತು, ನಟರು ಅಡಿಯಿಂದ ಮುಡಿಯವರೆಗೆ ಒಂದೇ ಚೌಕಟ್ಟಿನಲ್ಲಿ ಕಾಣುತ್ತಿದ್ದರು. ದೃಶ್ಯವನ್ನು ತುಂಡು ಮಾಡಿ ಮುಖಗಳ ಹತ್ತಿರ ಹೋಗತೊಡಗಿದ ಮೇಲೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬ ತೊಡಕು ಎದುರಾಯಿತು. ಅಮೆರಿಕದ ಚಿತ್ರಗಳಲ್ಲಿ 1917ರ ಹೊತ್ತಿಗೆ ಈ ಪದ್ಧತಿ ನೆಲೆಗೊಂಡಿತ್ತು ಎಂದು ಬೋರ್ಡ್‌ವೆಲ್, ಸ್ಟೈಗರ್, ಥಾಂಪ್ಸನ್ ಮೂವರೂ ಸೇರಿ 1985ರಲ್ಲಿ ತಂದ ದೊಡ್ಡ ಗ್ರಂಥ ಹೇಳುತ್ತದೆ. ಮಾತು ಬಂದಾಗ ಕೆಲವು ಕಾಲ ಗದ್ದಲ ಹೊರಬೀಳದ ಗೂಡುಗಳಲ್ಲಿ ಹಲವು ಕ್ಯಾಮೆರಾ ಇಟ್ಟು ಒಟ್ಟಿಗೇ ಓಡಿಸಿದರು. ಒಂದರ ಚೌಕಟ್ಟಿನಲ್ಲಿ ಇನ್ನೊಂದು ಕಾಣಬಾರದಲ್ಲ, ಎಲ್ಲವೂ ಒಂದೇ ಬದಿಗೆ ಸೇರಿದವು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರಲ್ಲಿ ಕೊಲ್ಲಾಪುರದ ಸ್ಟುಡಿಯೋದಿಂದ ಬರುವಷ್ಟರಲ್ಲಿ ಹೊರಗಿನ ಲೋಕದಲ್ಲಿ ಇದೆಲ್ಲ ಆಗಿಹೋಗಿತ್ತು. ಪಠ್ಯಪುಸ್ತಕಗಳು ಬಂದದ್ದು ತೀರ ತಡವಾಗಿ: 1953ರಲ್ಲಿ ಕ್ಯಾರೆಲ್ ರೈಸ್ಜ್, 1965ರಲ್ಲಿ ಮ್ಯಾಸೆಲ್ಲಿ, 1976ರಲ್ಲಿ ಡೇನಿಯಲ್ ಅರಿಹೋನ್. ಅರಿಹೋನ್ ಪುಸ್ತಕದ ತುಂಬ ಚಿತ್ರಗಳು. ಇಬ್ಬರನ್ನು ಎಷ್ಟು ಬಗೆಯಲ್ಲಿ ಕೂರಿಸಬಹುದು, ನಿಲ್ಲಿಸಬಹುದು ಎಂದು ಎಷ್ಟು ಬರೆದು ತೋರಿಸಿದರೂ ಅವರಿಗೆ ದಣಿವಿಲ್ಲ.

ನಮ್ಮ ತಲೆಮಾರು ಇದನ್ನು ಕಲಿತದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಭಯದಿಂದ. ಸೆಟ್ಟಿನಲ್ಲಿ ಮಾನಿಟರ್ ಇರಲಿಲ್ಲ. ನೆಗೆಟಿವ್ ಮದರಾಸಿನ ಲ್ಯಾಬಿಗೆ ಹೋಗಿ, ರಷ್ ಪ್ರಿಂಟ್ ಆಗಿ, ಮೂವಿಯೋಲಾ ಮೇಲೆ ಓಡುವವರೆಗೆ ತಪ್ಪು ಗೊತ್ತಾಗುತ್ತಿರಲಿಲ್ಲ. ಗೊತ್ತಾಗುವ ಹೊತ್ತಿಗೆ ಸೆಟ್ ಬಿಚ್ಚಿರುತ್ತಿತ್ತು, ನಟರು ಬೇರೆ ಚಿತ್ರಕ್ಕೆ ಗಡ್ಡ ಬಿಟ್ಟಿರುತ್ತಿದ್ದರು. ಹಾಗಾಗಿ ಸಹಾಯಕನ ನೋಟ್‌ಬುಕ್ಕಿನಲ್ಲಿ ಪ್ರತಿ ದೃಶ್ಯಕ್ಕೂ ಮನೆಯ ನಕ್ಷೆ, ಕ್ಯಾಮೆರಾ ಇಟ್ಟ ಜಾಗ, ಪ್ರತಿ ಶಾಟ್‌ನ ಎದುರು ಎಡಕ್ಕೋ ಬಲಕ್ಕೋ ಒಂದು ಬಾಣದ ಗುರುತು ಇರಲೇಬೇಕಿತ್ತು.

ಒಂದು ದೃಶ್ಯವನ್ನು ತೆಗೆದುಕೊಳ್ಳೋಣ. ಜಗಲಿಯ ಎಡತುದಿಯಲ್ಲಿ ಅಪ್ಪ ಕುರ್ಚಿಯಲ್ಲಿ ಕೂತಿದ್ದಾರೆ. ಬಲತುದಿಯಲ್ಲಿ ಮಗ ಕಂಬಕ್ಕೊರಗಿ ನಿಂತಿದ್ದಾನೆ. ಕ್ಯಾಮೆರಾ ಅಂಗಳದಲ್ಲಿದೆ. ಮೊದಲು ಇಬ್ಬರೂ ಕಾಣುವ ಮಾಸ್ಟರ್ ಶಾಟ್. ಅದು ಪ್ರೇಕ್ಷಕನಿಗೆ ಕೊಟ್ಟ ನಕ್ಷೆ. ಆಮೇಲೆ ಮಗನ ಎಡಭುಜದ ಮೇಲಿಂದ ಅಪ್ಪನ ಮೇಲೆ ಸಜೆಷನ್, ಅಪ್ಪನ ಬಲಭುಜದ ಮೇಲಿಂದ ಮಗನ ಮೇಲೆ ಸಜೆಷನ್. ಎರಡೂ ಅಂಗಳದ ಬದಿಯ ಭುಜಗಳೇ. ಮಗನ ಬಲಭುಜಕ್ಕೆ ಹೋದಿರೋ, ಕ್ಯಾಮೆರಾ ಗೋಡೆಯ ಬದಿಗೆ ದಾಟಿತು, ಅಪ್ಪ ತಟಕ್ಕನೆ ಬಲಗಡೆ ಹಾರಿ ಕೂತಂತೆ ಕಾಣುತ್ತಾರೆ. ಕ್ಲೋಸಪ್‌ನಲ್ಲಿ ಅಪ್ಪನ ನೋಟ ಲೆನ್ಸಿನ ಬಲಕ್ಕೆ, ಮಗನದು ಎಡಕ್ಕೆ.

ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅಪ್ಪ ಕೂತಿದ್ದಾರೆ, ಆದ್ದರಿಂದ ಅವರ ಕಣ್ಣು ಲೆನ್ಸಿಗಿಂತ ಮೇಲಕ್ಕೆ ಹೋಗಬೇಕು. ಮಗನ ಕಣ್ಣು ಅಷ್ಟೇ ಕೆಳಗಿಳಿಯಬೇಕು. ಎತ್ತರ ತಪ್ಪಿದರೆ ಮಗ ಅಪ್ಪನ ಎದೆಯ ಜೊತೆ ಮಾತಾಡಿದಂತಾಗುತ್ತದೆ. ಇನ್ನೊಂದು, ನೋಟ ಲೆನ್ಸಿಗೆ ಎಷ್ಟು ಹತ್ತಿರ ಎಂಬುದು. ಕ್ಯಾಮೆರಾ ಗೆರೆಗೆ ಹತ್ತಿರವಾದಷ್ಟೂ ಎರಡು ಕಣ್ಣೂ ಕಾಣುತ್ತವೆ, ನಾವು ಆ ಮನುಷ್ಯನಿಗೆ ಹತ್ತಿರವಾಗುತ್ತೇವೆ. ದೂರ ಸರಿದಷ್ಟೂ ಕೆನ್ನೆ, ಕಿವಿ. ಅಪ್ಪನನ್ನು ಹತ್ತಿರದಿಂದಲೂ ಮಗನನ್ನು ಪಕ್ಕದಿಂದಲೂ ತೆಗೆದರೆ ಲೈನ್ ಸರಿಯಿದ್ದರೂ ಪ್ರೇಕ್ಷಕ ಅಪ್ಪನ ಪಕ್ಷ ವಹಿಸಿರುತ್ತಾನೆ. ಹಾಗೆ ಆಗಬೇಕೆಂದು ಮಾಡಿದರೆ ಒಳ್ಳೆಯದೇ. ಜಾಗ ಸಾಲದೆ ಆದರೆ ಕಥೆಗೆ ಏಟು.

ಈಗ ಅಮ್ಮ ನಡುಬಾಗಿಲಿಗೆ ಬಂದು ಒಂದು ಮಾತು ಆಡುತ್ತಾಳೆ. ಅಪ್ಪನ ಕಣ್ಣು ಅತ್ತ ತಿರುಗಿದ ಕ್ಷಣ ಅಪ್ಪ-ಮಗನ ಗೆರೆ ಸತ್ತು ಅಪ್ಪ-ಅಮ್ಮನ ಗೆರೆ ಹುಟ್ಟಿತು. ಅಮ್ಮನಿಗೆ ಈಗ ಎರಡು ಲುಕ್ ಬೇಕು: ಗಂಡನ ಜೊತೆ ಮಾತಾಡುವಾಗ ಎಡಕ್ಕೆ, ಮಗನ ಜೊತೆ ಬಲಕ್ಕೆ. ಅವಸರದ ಸೆಟ್ಟಿನಲ್ಲಿ ಅಮ್ಮನ ಎಲ್ಲ ಮಾತುಗಳನ್ನೂ ಒಂದೇ ಲುಕ್‌ನಲ್ಲಿ ತೆಗೆದು ಮುಗಿಸುತ್ತಾರೆ. ಎಡಿಟಿಂಗ್‌ನಲ್ಲಿ ಮಗನಿಗೆ ಹೇಳಿದ ಬುದ್ಧಿಮಾತು ಗಂಡನಿಗೆ ಹೇಳಿದಂತಾಗುತ್ತದೆ. ಮತ್ತೆ ಅಪ್ಪ-ಮಗನಿಗೆ ಮರಳಬೇಕಾದರೆ ಅಪ್ಪ ತಲೆ ತಿರುಗಿಸಿ ಮಗನನ್ನು ನೋಡುವುದು ಶಾಟ್‌ನೊಳಗೇ ಕಾಣಬೇಕು, ಆಮೇಲೆ ಕಟ್. ಗೆರೆ ದಾಟಲೇಬೇಕಿದ್ದರೂ ದಾರಿ ಇದೆ: ಟ್ರಾಲಿ ಕಣ್ಣೆದುರೇ ಆಚೆ ಸಾಗಲಿ, ಇಲ್ಲವೆ ಮಗ ಕ್ಯಾಮೆರಾ ಮುಂದೆ ನಡೆದು ಅಪ್ಪನ ಆ ಬದಿಗೆ ಹೋಗಲಿ. ದಾಟಿದ್ದನ್ನು ನೋಡಿದ ಪ್ರೇಕ್ಷಕ ಕಂಗೆಡುವುದಿಲ್ಲ.

ತಪ್ಪಿದ ಲುಕ್ಕಿಗೆ ಆಗ ಇದ್ದ ಮದ್ದು ಶಾಟನ್ನು ಕನ್ನಡಿಯಂತೆ ತಿರುವಿ ಪ್ರಿಂಟ್ ಹಾಕಿಸುವುದು. ನೋಟವೇನೋ ಸರಿಹೋಗುತ್ತಿತ್ತು. ಆದರೆ ಅಂಗಿಯ ಜೇಬು ಬಲಕ್ಕೆ ಬರುತ್ತಿತ್ತು, ಸೆರಗು ಬಲಭುಜ ಏರುತ್ತಿತ್ತು, ಬೈತಲೆ ಅತ್ತ ಸರಿಯುತ್ತಿತ್ತು, ಗೋಡೆಯ ಕ್ಯಾಲೆಂಡರ್ ಓದಲಾಗುತ್ತಿರಲಿಲ್ಲ. ಇವತ್ತು ಕಂಪ್ಯೂಟರಿನಲ್ಲಿ ಅದೇ ಕೆಲಸ ಒಂದು ಕ್ಲಿಕ್ಕಿಗೆ ಆಗುತ್ತದೆ, ಅದೇ ಸೆರಗು ಅದೇ ಬಲಭುಜ ಏರುತ್ತದೆ.

ಇದನ್ನೆಲ್ಲ ನಮ್ಮಲ್ಲಿ ಅರಗಿಸಿಕೊಂಡವರಲ್ಲಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ಛಾಯಾಗ್ರಾಹಕರನ್ನು ಮೊದಲು ನೆನೆಯಬೇಕು. ಅಲ್ಲಿ ಓದಿದ ವಿ.ಕೆ. ಮೂರ್ತಿ 1959ರಲ್ಲಿ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಝ್ ಕೆ ಫೂಲ್' ಚಿತ್ರಿಸಿದರು. ಅಗಲ ಪರದೆ ಬಂದ ಮೇಲೆ ಎರಡು ಮುಖಗಳನ್ನು ಕತ್ತರಿಸದೆ, ನಡುವಿನ ದೂರವನ್ನೂ ಸೇರಿಸಿ ಒಂದೇ ಚೌಕಟ್ಟಿನಲ್ಲಿ ಇಡಲು ಜಾಗ ಸಿಕ್ಕಿತು. ಅದೇ ಪಾಲಿಟೆಕ್ನಿಕ್‌ನಿಂದ ಬಂದ ಗೋವಿಂದ ನಿಹಲಾನಿ 1973ರ 'ಕಾಡು' ಚಿತ್ರಕ್ಕೆ ಕ್ಯಾಮೆರಾ ಹಿಡಿದರು. 1977ರ 'ಘಟಶ್ರಾದ್ಧ'ಕ್ಕೆ ಎಸ್. ರಾಮಚಂದ್ರ. ಎರಡೂ ಚಿತ್ರಗಳಲ್ಲಿ ಲೋಕವನ್ನು ನೋಡುವವನು ಒಬ್ಬ ಹುಡುಗ. ಇಬ್ಬರಲ್ಲಿ ಒಬ್ಬ ಮಗುವಾದಾಗ ಎಡ-ಬಲಕ್ಕಿಂತ ಮೇಲು-ಕೆಳಗಿನ ಲೆಕ್ಕವೇ ದೊಡ್ಡದು. ದೊಡ್ಡವರು ಅವನ ಕಣ್ಣಿಗೆ ಕಣ್ಣು ಕೊಡುತ್ತಾರೋ ಇಲ್ಲವೋ ಎಂಬುದರಲ್ಲೇ ಅರ್ಧ ಕಥೆ ನಡೆದುಹೋಗುತ್ತದೆ. ಹೊಸ ಅಲೆಯ ಚಿತ್ರಗಳನ್ನು ನಿಧಾನ ಎಂದು ದೂರಿದವರು ಲುಕ್‌ನ ಈ ಶಿಸ್ತನ್ನು ಗಮನಿಸಲೇ ಇಲ್ಲ. ನನ್ನ ಮಟ್ಟಿಗೆ ಕನ್ನಡದಲ್ಲಿ ಇಬ್ಬರ ಮಾತನ್ನು ಅದಕ್ಕಿಂತ ಚೆನ್ನಾಗಿ ಚಿತ್ರಿಸಿದ ಕಾಲ ಇನ್ನೊಂದಿಲ್ಲ.

ಇನ್ನು ಮುರಿದವರ ವಿಷಯ. ಓಝು ಅವರ 1953ರ 'ಟೋಕಿಯೋ ಸ್ಟೋರಿ'ಯಲ್ಲಿ ಮಾತಾಡುವ ಇಬ್ಬರೂ ಹಲವು ಸಲ ಒಂದೇ ಕಡೆ, ಲೆನ್ಸಿನ ಒತ್ತಿನಲ್ಲೇ ನೋಡುತ್ತಾರೆ. ಕ್ಯಾಮೆರಾ ಗೆರೆಯನ್ನು ಲೆಕ್ಕಿಸುವುದೇ ಇಲ್ಲ. ಆದರೂ ನಾವು ದಾರಿ ತಪ್ಪುವುದಿಲ್ಲ. ಯಾಕೆಂದರೆ ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ದೂರದ ಶಾಟ್ ತೋರಿಸಿರುತ್ತದೆ. ಕ್ಯಾಮೆರಾ ಅದೇ ತಗ್ಗಿನಲ್ಲಿರುತ್ತದೆ, ಲೆನ್ಸ್ 50 ಎಂಎಂ, ಎರಡು ಮುಖಗಳ ಅಳತೆ ಒಂದೇ, ಚೌಕಟ್ಟಿನಲ್ಲಿ ಅವುಗಳ ಜಾಗವೂ ಹೆಚ್ಚುಕಡಿಮೆ ಒಂದೇ. ಒಬ್ಬರ ಮಾತು ಪೂರ್ತಿ ಮುಗಿದ ಮೇಲೆ ಕಟ್. ಅವರು ಒಂದು ನಿಯಮ ಬಿಟ್ಟು ಅದಕ್ಕಿಂತ ಬಿಗಿಯಾದ ನಾಲ್ಕು ನಿಯಮ ಪಾಲಿಸಿದರು. ಕೈಯಲ್ಲಿ ಅಲ್ಲಾಡುವ ಕ್ಯಾಮೆರಾ ಹಿಡಿದು, ಶಾಟಿಗೊಂದು ಲೆನ್ಸ್ ಬದಲಿಸಿ ಓಝು ಹೆಸರು ಹೇಳುವುದು ಅನ್ಯಾಯ.

ಕೂಬ್ರಿಕ್ 1980ರ 'ದ ಶೈನಿಂಗ್'ನ ಕೆಂಪು ಬಚ್ಚಲುಮನೆಯಲ್ಲಿ ಜ್ಯಾಕ್ ಮತ್ತು ಗ್ರೇಡಿಯನ್ನು ಒಂದೇ ಕಟ್‌ನಲ್ಲಿ ಎಡ-ಬಲ ಅದಲುಬದಲು ಮಾಡಿದರು. ಆ ಹೋಟೆಲಿನ ಕಾವಲುಗಾರ ಇವನೋ ಅವನೋ ಎಂಬುದೇ ಅಲ್ಲಿನ ಮಾತು, ಕಂಗೆಡಿಸುವುದೇ ಉದ್ದೇಶ. ಜೊನಾಥನ್ ಡೆಮಿ 1991ರ 'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್'ನಲ್ಲಿ ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿದರು. ಕ್ಲಾರಿಸ್ ಜೊತೆ ಮಾತಾಡುವ ಗಂಡಸರು ನೇರ ಲೆನ್ಸಿಗೇ ನೋಡುತ್ತಾರೆ, ಅವಳ ನೋಟ ಮಾತ್ರ ಸಾಮಾನ್ಯವಾಗಿ ಲೆನ್ಸಿನ ಪಕ್ಕಕ್ಕೆ. ದಿಟ್ಟಿಸಿ ನೋಡಿಸಿಕೊಳ್ಳುವ ಹೆಣ್ಣಿನ ಜಾಗದಲ್ಲಿ ನಾವು ಕೂತಿರುತ್ತೇವೆ. ನೋಟ ಲೆನ್ಸಿಗೆ ಎಷ್ಟು ಹತ್ತಿರ ಎಂಬ ಒಂದೇ ಅಳತೆಯಿಂದ ಸಾಧಿಸಿದ್ದು ಇದು.

ಇವತ್ತಿನ ಧಾರಾವಾಹಿಗಳಲ್ಲಿ ಹಲವು ಕ್ಯಾಮೆರಾ ಒಂದೇ ಬದಿಯಲ್ಲಿ ಒಟ್ಟಿಗೆ ಓಡುವುದರಿಂದ ಲೈನ್ ಕ್ರಾಸ್ ಆಗುವುದು ಕಡಿಮೆ. ಕೆಟ್ಟಿರುವುದು ನೋಟದ ಎತ್ತರ ಮತ್ತು ಹತ್ತಿರ. ಡೇಟ್ಸ್ ಹೊಂದದ ನಟರನ್ನು ಬೇರೆ ಬೇರೆ ದಿನ ಚಿತ್ರಿಸುತ್ತಾರೆ. ಎದುರಿಗೆ ನಟನ ಬದಲು ಲೈಟ್ ಸ್ಟ್ಯಾಂಡಿಗೆ ಅಂಟಿಸಿದ ಟೇಪು ಇರುತ್ತದೆ. ಆ ಟೇಪು ನಿಂತವನ ಎತ್ತರದಲ್ಲಿದೆಯೋ ಕೂತವನ ಎತ್ತರದಲ್ಲಿದೆಯೋ ಎಂದು ಹೇಳಬಲ್ಲವರು ಸೆಟ್ಟಿನಲ್ಲಿ ಇಲ್ಲ. ಹಾಲಿವುಡ್ಡಿನಲ್ಲಿ ಸ್ಕ್ರಿಪ್ಟ್ ಸೂಪರ್‌ವೈಸರ್ ಎಂಬ ಪ್ರತ್ಯೇಕ ಹುದ್ದೆ ಇದೆ. ನಮ್ಮಲ್ಲಿ ಆ ಕೆಲಸ ಎಲ್ಲರಿಗಿಂತ ಕಿರಿಯ ಸಹಾಯಕನಿಗೆ ಬೀಳುತ್ತ ಬಂದಿದೆ, ಟೈಟಲ್ ಕಾರ್ಡಿನಲ್ಲಿ ಅವನ ಹೆಸರು ಹುಡುಕಿದರೂ ಸಿಗುವುದು ಅಪರೂಪ. ನಿರ್ದೇಶಕರ ಬಗ್ಗೆ, ನಟರ ಬಗ್ಗೆ ಕನ್ನಡದಲ್ಲಿ ಪುಸ್ತಕಗಳಿವೆ. ಬಾಣದ ಗುರುತು ಹಾಕಿದವರ ಬಗ್ಗೆ ಒಂದು ಲೇಖನವನ್ನೂ ನಾನು ಓದಿಲ್ಲ.

ಚಿತ್ರ ಮಾಡುವ ಕಿರಿಯರು ಒಂದು ಪರೀಕ್ಷೆ ಮಾಡಿಕೊಳ್ಳಲಿ. ಧ್ವನಿ ಬಂದ್ ಮಾಡಿ ದೃಶ್ಯ ಓಡಿಸಿ. ಪ್ರತಿ ಕಟ್‌ನಲ್ಲೂ ಹಿಂದಿನ ಶಾಟ್‌ನ ಕೊನೆಯ ಫ್ರೇಮ್, ಮುಂದಿನದರ ಮೊದಲ ಫ್ರೇಮ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನೋಟಗಳು ಕೂಡದೆ ಇಬ್ಬರೂ ಮೂರನೆಯವನ್ಯಾರನ್ನೋ ನೋಡುತ್ತಿರುವಂತೆ ಕಂಡರೆ ಆ ದೃಶ್ಯ ಮತ್ತೆ ಚಿತ್ರಿಸಬೇಕಾದದ್ದು. ನಿರ್ಮಾಪಕರಲ್ಲಿ ಕೇಳಿಕೊಳ್ಳುವುದೂ ಒಂದಿದೆ: ಒಬ್ಬ ನಟನ ಕ್ಲೋಸಪ್ ತೆಗೆಯುವಾಗ ಎದುರಿನ ನಟನನ್ನು ಮನೆಗೆ ಕಳಿಸಬೇಡಿ, ಲೆನ್ಸಿನ ಪಕ್ಕ ನಿಲ್ಲಿಸಿ ಮಾತು ಹೇಳಿಸಿ. ಹಳೆಯ ಸಹಾಯಕರ ಮನೆಗಳಲ್ಲಿ ಆ ನೋಟ್‌ಬುಕ್ಕುಗಳು ಇನ್ನೂ ಉಳಿದಿದ್ದರೆ ರದ್ದಿಗೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೋ ಕರ್ನಾಟಕ ಚಲನಚಿತ್ರ ಅಕಾಡೆಮಿಗೋ ತಲುಪಿಸಿ.