ನಗದು ಮುಂಗಡಪತ್ರ: ಹಂಗಾಮಿನ ಉದ್ದಿಮೆಗಳಲ್ಲಿ

ಮುಂಬರುವ ವರ್ಷದ ಒಂದೊಂದು ತಿಂಗಳಲ್ಲಿಯೂ ಕೈಗೆ ಬರುವ ಹಣವನ್ನೂ ಕೈಬಿಟ್ಟು ಹೋಗುವ ಹಣವನ್ನೂ ಮೊದಲೇ ಅಂದಾಜು ಮಾಡಿ, ಯಾವ ತಿಂಗಳಲ್ಲಿ ಸಾಲ ಬೇಕಾಗುವುದು, ಅದು ಎಂದಿಗೆ ತೀರುವುದು ಎಂಬುದನ್ನು ತೋರಿಸುವ ಪಟ್ಟಿ. ಅಮೆರಿಕದ ಜೇಮ್ಸ್ ಮೆಕಿನ್ಸೆ 1922ರಲ್ಲಿ ಉದ್ದಿಮೆಗಳ ಆಯವ್ಯಯ ನಿಯಂತ್ರಣವನ್ನು ಕುರಿತು ಬರೆದ ಗ್ರಂಥವು ಈ ಪದ್ಧತಿಗೆ ಶಾಸ್ತ್ರದ ರೂಪವನ್ನು ಕೊಟ್ಟ ಆದಿಕೃತಿಗಳಲ್ಲಿ ಒಂದು. ಭಾರತದಲ್ಲಿಯಾದರೋ ಬ್ಯಾಂಕುಗಳು ಬಹುಕಾಲ ಗೋದಾಮಿನ ದಾಸ್ತಾನನ್ನೇ ಆಧಾರವಾಗಿಟ್ಟುಕೊಂಡು ಸಾಲ ಕೊಡುತ್ತಿದ್ದುದರಿಂದ, ತಿಂಗಳ ಲೆಕ್ಕಕ್ಕೆ ಅಷ್ಟಾಗಿ ಮನ್ನಣೆಯಿರಲಿಲ್ಲ. 1979ರ ಚೋರೆ ಸಮಿತಿಯು ಹಂಗಾಮಿನ ಏರುಗಾಲಕ್ಕೂ ಉಳಿದ ಕಾಲಕ್ಕೂ ಬೇರೆಬೇರೆ ಸಾಲಮಿತಿಗಳನ್ನು ಗೊತ್ತುಮಾಡಬೇಕೆಂದು ಸೂಚಿಸಿತು. 1997ರಲ್ಲಿ ರಿಸರ್ವ್ ಬ್ಯಾಂಕು ದುಡಿಮೆ ಬಂಡವಾಳವನ್ನು ಅಳೆಯುವ ಕ್ರಮವನ್ನು ಬ್ಯಾಂಕುಗಳ ವಿವೇಚನೆಗೇ ಬಿಟ್ಟಿತು.

ಸಕ್ಕರೆ ಕಾರ್ಖಾನೆ ಇದಕ್ಕೆ ಒಪ್ಪುವ ನಿದರ್ಶನ. ಕಬ್ಬು ಅರೆಯುವುದು ಕೆಲವೇ ತಿಂಗಳು, ಸಕ್ಕರೆ ಮಾರುವುದು ವರ್ಷವೆಲ್ಲ; 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬಿನ ಬೆಲೆಯನ್ನು ಹದಿನಾಲ್ಕು ದಿನಗಳೊಳಗೆ ಸಲ್ಲಿಸಬೇಕು. ನವೆಂಬರಿನಿಂದ ಮಾರ್ಚಿಯವರೆಗೆ ಅರೆಯುವ ಒಂದು ಕಲ್ಪಿತ ಕಾರ್ಖಾನೆಗೆ ಮಾರಾಟದಿಂದ ತಿಂಗಳಿಗೆ 40 ಲಕ್ಷ ರೂಪಾಯಿ ಬರುವುದೆಂದೂ, ಅಕ್ಟೋಬರಿನ ಆರಂಭದಲ್ಲಿ ಕೈಯಲ್ಲಿ 20 ಲಕ್ಷವಿದ್ದು, 10 ಲಕ್ಷ ಯಾವಾಗಲೂ ಉಳಿದಿರಬೇಕೆಂದೂ ಇಟ್ಟುಕೊಳ್ಳೋಣ. ಬಡ್ಡಿಯೂ ಸೇರಿದಂತೆ ಖರ್ಚು ಅಕ್ಟೋಬರಿನಲ್ಲಿ, ಯಂತ್ರಗಳ ದುರಸ್ತಿಗೂ ಕಟಾವಿನವರ ಮುಂಗಡಕ್ಕೂ, 40 ಲಕ್ಷ, ನವೆಂಬರಿನಲ್ಲಿ 60, ಡಿಸೆಂಬರಿನಿಂದ ಮಾರ್ಚಿಯವರೆಗೆ ತಿಂಗಳಿಗೆ 70, ಕಡೆಯ ಕಂತಿನ ಕಬ್ಬಿನ ಬೆಲೆ ಬೀಳುವ ಏಪ್ರಿಲಿನಲ್ಲಿ 50, ಆಮೇಲೆ ತಿಂಗಳಿಗೆ 12 ಮಾತ್ರ. ಆಗ ನವೆಂಬರಿನಲ್ಲಿ 10 ಲಕ್ಷದ ಸಾಲ ಮೊದಲಾಗಿ, ಡಿಸೆಂಬರಿನಲ್ಲಿ 40, ಜನವರಿಯಲ್ಲಿ 70, ಫೆಬ್ರವರಿಯಲ್ಲಿ 100, ಮಾರ್ಚಿಯಲ್ಲಿ 130 ಆಗಿ, ಏಪ್ರಿಲಿನಲ್ಲಿ 140 ಲಕ್ಷವನ್ನು ಮುಟ್ಟುತ್ತದೆ. ಗಾಣ ನಿಂತ ಮೇಲೆಯೇ ಸಾಲ ಶಿಖರವನ್ನೇರುವುದು, ಹೊಸಬರಿಗೆ ವಿಚಿತ್ರವೆನಿಸುವ ಸಂಗತಿ. ಮೇ ತಿಂಗಳಿನಿಂದ 28 ಲಕ್ಷದಂತೆ ಇಳಿದು ಸೆಪ್ಟೆಂಬರಿನ ಕೊನೆಗೆ ಅದು ಪೂರ್ತಿ ತೀರುತ್ತದೆ.

ಲಾಭನಷ್ಟದ ಲೆಕ್ಕದಲ್ಲಿ ಇದಾವುದೂ ಕಾಣದು: ಅಲ್ಲಿ ಸವಕಳಿ ಖರ್ಚಾಗಿ ನಿಲ್ಲುತ್ತದೆ, ಮಾರದ ಸಕ್ಕರೆ ಆಸ್ತಿಯಾಗಿ ನಿಲ್ಲುತ್ತದೆ, ಇಲ್ಲಿ ಎರಡಕ್ಕೂ ಸ್ಥಾನವಿಲ್ಲ. ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿದವನಿಗಂತೂ ತಿಂಗಳಿಗೆ 41 ಲಕ್ಷದ ಹತ್ತಿರ ಬಂದು, ಸಾಲವೇ ಬೇಡವೆನ್ನುವ ಭ್ರಮೆ ಹುಟ್ಟುತ್ತದೆ. ಪಟ್ಟಿ ಸಾಮಾನ್ಯವಾಗಿ ಕೆಡುವುದು ಮಾರಾಟದ ಸಾಲಿನಲ್ಲಿ. ಧಾರಣೆ ಕುಸಿದು ಡಿಸೆಂಬರಿನಿಂದ ತಿಂಗಳಿಗೆ 30 ಲಕ್ಷವೇ ಬಂದರೆ, ಏಪ್ರಿಲಿನ ಸಾಲ 190 ಲಕ್ಷಕ್ಕೆ ಏರುವುದಲ್ಲದೆ, ಸೆಪ್ಟೆಂಬರಿನಲ್ಲಿ 100 ಲಕ್ಷ ಹಾಗೆಯೇ ಉಳಿಯುತ್ತದೆ. ಸಾಲಮಿತಿಯು 140ಕ್ಕೇ ನಿಂತಿದ್ದರೆ ಆ 50 ಲಕ್ಷದ ಕೊರತೆ ಬಂದು ಬೀಳುವುದು ಕಬ್ಬಿನ ಬಾಕಿಯ ರೂಪದಲ್ಲಿ, ಬೆಳೆದ ರೈತನ ಮೇಲೆ. ಮಾರಾಟದ ಸಾಲು ಅಂದಾಜಿಗಿಂತ ಕೆಳಗಿಳಿದುದು ಡಿಸೆಂಬರಿನ ಕೊನೆಯಲ್ಲೇ ಕಾಣುವುದರಿಂದ, ಬುದ್ಧಿವಂತ ಲೆಕ್ಕಿಗರು ಪಟ್ಟಿಯನ್ನು ತಿಂಗಳು ತಿಂಗಳೂ ತಿದ್ದಿ, ಮಿತಿ ಮುಟ್ಟುವುದಕ್ಕೆ ಮುಂಚೆಯೇ ಬ್ಯಾಂಕಿಗೆ ತಿಳಿಸುತ್ತಾರೆ.