ಮೈನಿಂಗ್ ಮಾಡಿದ ಗ್ರಾಫಿಕ್ಸ್ ಕಾರ್ಡ್ ಮುಟ್ಟಲೇಬಾರದಾ? ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ ನೋಡಬೇಕಾದ್ದು ಇಷ್ಟು

ಹಳೆಯ ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ‘ಮೈನಿಂಗ್‌ಗೆ ಬಳಸಿದ ಕಾರ್ಡ್ ಸತ್ತಂತೆಯೇ, ಪುಕ್ಕಟೆ ಕೊಟ್ಟರೂ ಬೇಡ’ ಎನ್ನುವುದು ಒಂದು. ‘ಒಂದು ಸಾಫ್ಟ್‌ವೇರ್ ಹಾಕಿದರೆ ಕಾರ್ಡ್ ಎಷ್ಟು ತಾಸು ಮೈನಿಂಗ್ ಮಾಡಿದೆ ಎಂದು ತೋರಿಸಿಬಿಡುತ್ತದೆ’ ಎನ್ನುವುದು ಇನ್ನೊಂದು. ಎರಡೂ ಸರಿಯಲ್ಲ.

ಹಾರ್ಡ್ ಡಿಸ್ಕ್ ತಾನು ಓಡಿದ ತಾಸುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ನಾವು ಮನೆ, ಸ್ಟುಡಿಯೊಗಳಲ್ಲಿ ಬಳಸುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ನೀವು ಓದಬಹುದಾದ ಅಂಥ ಮೀಟರ್ ಇಲ್ಲ. ಹಾಗಾಗಿ ‘ಮೈನಿಂಗ್ ಮಾಡಿದ್ದೀರಾ?’ ಎಂದು ಕೇಳುವುದಕ್ಕಿಂತ, ಕಾರ್ಡನ್ನು ಓಡಿಸಿ ಅದರಲ್ಲಿ ಏನು ಸವೆದಿದೆ ಎಂದು ನೋಡುವುದೇ ದಾರಿ.

ಇಷ್ಟೊಂದು ಹಳೆ ಕಾರ್ಡ್ ಎಲ್ಲಿಂದ ಬಂದವು?

ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡ್‌ಗಳಿಂದ ಗಳಿಸಬಹುದಿತ್ತು. 2022ರ ಸೆಪ್ಟೆಂಬರ್ 15ರಂದು ಆ ಜಾಲ ತನ್ನ ಪದ್ಧತಿಯನ್ನೇ ಬದಲಿಸಿತು. ಅಂದಿನಿಂದ ಈ ಕಾರ್ಡ್‌ಗಳಿಗೆ ಅಲ್ಲಿ ಕೆಲಸ ಇಲ್ಲವಾಯಿತು, ಹಗಲು ರಾತ್ರಿ ಓಡಿದ್ದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು.

ಈ ಮೈನಿಂಗ್‌ನಲ್ಲಿ ಹೆಚ್ಚು ದುಡಿಯುತ್ತಿದ್ದುದು ಮುಖ್ಯ ಚಿಪ್ ಅಲ್ಲ, ಅದರ ಸುತ್ತಲಿನ ಮೆಮೊರಿ ಚಿಪ್‌ಗಳು. ಕರೆಂಟ್ ಬಿಲ್ ಉಳಿಸಲು ಮುಖ್ಯ ಚಿಪ್ಪಿನ ವೇಗ ಇಳಿಸಿ, ಮೆಮೊರಿಯ ವೇಗ ಏರಿಸುತ್ತಿದ್ದರು. ಆದ್ದರಿಂದ ಇಂಥ ಕಾರ್ಡ್‌ನಲ್ಲಿ ಮುಖ್ಯ ಚಿಪ್ ಗಟ್ಟಿಯಾಗಿಯೇ ಇರಬಹುದು. ಸವೆಯುವುದು ಫ್ಯಾನ್, ಮೆಮೊರಿ, ಮತ್ತು ಬಿಸಿಯನ್ನು ಹೊರಗೆ ಸಾಗಿಸುವ ಪೇಸ್ಟ್ ಹಾಗೂ ಪ್ಯಾಡ್.

ಮೊದಲು ಕಾರ್ಡ್ ಯಾವುದೆಂದು ಖಚಿತ ಮಾಡಿಕೊಳ್ಳಿ

ಒಂದು ಉದಾಹರಣೆ ಹಿಡಿಯೋಣ. ರಾಣೆಬೆನ್ನೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವವರೊಬ್ಬರು ಆರ್‌ಎಕ್ಸ್ 580, 8 ಜಿಬಿ ಕಾರ್ಡ್ ನೋಡಲು ಹೋಗಿದ್ದಾರೆ ಎಂದುಕೊಳ್ಳಿ. 2017ರಲ್ಲಿ ಬಂದ ಈ ಕಾರ್ಡ್ ಮೈನಿಂಗ್ ಮಾಡುವವರಿಗೆ ಬಲು ಅಚ್ಚುಮೆಚ್ಚಿನದಾಗಿತ್ತು.

ಕಾರ್ಡ್ ಹಾಕಿದ ಕಂಪ್ಯೂಟರಿನಲ್ಲಿ GPU-Z ಎಂಬ ಉಚಿತ ತಂತ್ರಾಂಶ ತೆರೆಯಿರಿ. ಹೆಸರಿನ ಮುಂದೆ [FAKE] ಎಂದು ಬಂದರೆ ಅಲ್ಲಿಗೆ ಮಾತು ಮುಗಿಯಿತು, ಅದು ಬೇರೆ ಹಳೆಯ ಕಾರ್ಡಿಗೆ ಹೊಸ ಹೆಸರು ಬರೆದದ್ದು. Shaders ಎಂಬಲ್ಲಿ 2304 ಇರಬೇಕು. 2048 ಇದ್ದರೆ ಅದು ಅದೇ ಹೆಸರಿನ ಕಡಿಮೆ ಶಕ್ತಿಯ ಕಾರ್ಡ್, ಬೆಲೆಯೂ ಕಡಿಮೆ ಇರಬೇಕು.

ಈಗ Default Clock ನೋಡಿ. 8 ಜಿಬಿಯ ಈ ಕಾರ್ಡಿನಲ್ಲಿ ಮುಖ್ಯ ಚಿಪ್ ಸುಮಾರು 1340 ಅಥವಾ ಅದಕ್ಕಿಂತ ತುಸು ಹೆಚ್ಚು, ಮೆಮೊರಿ 2000 ಮೆಗಾಹರ್ಟ್ಸ್ ಇರುವುದು ವಾಡಿಕೆ. ಅದರ ಬದಲು ಮುಖ್ಯ ಚಿಪ್ 1150, ಮೆಮೊರಿ 2150 ಎಂದು ಕಂಡರೆ, ಕಾರ್ಡಿನೊಳಗಿನ ಬಯಾಸ್ ತಂತ್ರಾಂಶವನ್ನೇ ಮೈನಿಂಗ್‌ಗಾಗಿ ತಿದ್ದಿದ್ದಾರೆ ಎಂದರ್ಥ. ಇಂಥ ಕಾರ್ಡ್‌ಗೆ ಹೊಸ ಡ್ರೈವರ್ ಹಾಕಿದಾಗ ಕೈಕೊಡುವುದುಂಟು. ಮೂಲ ಬಯಾಸ್ ಮತ್ತೆ ಹಾಕಲು ಸಾಧ್ಯ. ಅದನ್ನು ಮಾರುವವರೇ ಮಾಡಿ ತೋರಿಸಲಿ, ಆಮೇಲೆ ಪರೀಕ್ಷೆ ಮುಂದುವರಿಸಿ.

ಕಣ್ಣಿಗೆ ಕಾಣುವ ಗುರುತು, ಕೈಗೆ ಸಿಗುವ ಫ್ಯಾನ್

ಕಾರ್ಡಿನ ಅಂಚಿನಲ್ಲಿ ಎಣ್ಣೆಯಂಥ ಜಿಡ್ಡು ಕಂಡರೆ ಹೆದರಬೇಡಿ. ಮೆಮೊರಿಯ ಮೇಲಿನ ಮೆತ್ತನೆಯ ಪ್ಯಾಡ್‌ಗಳು ಬಹುಕಾಲ ಬಿಸಿಯಲ್ಲಿದ್ದರೆ ಸಿಲಿಕೋನ್ ಎಣ್ಣೆ ಬಿಡುತ್ತವೆ. ಕಾರ್ಡ್ ತುಂಬಾ ದುಡಿದಿದೆ ಎಂಬುದಕ್ಕೆ ಅದು ಸಾಕ್ಷಿ, ಕೆಟ್ಟಿದೆ ಎಂಬುದಕ್ಕಲ್ಲ. ಕೇಬಲ್ ಸಿಕ್ಕಿಸುವ ಲೋಹದ ಪಟ್ಟಿಗೆ ತುಕ್ಕು ಹಿಡಿದಿದ್ದರೆ ಮಾತ್ರ ಹಿಂದೆ ಸರಿಯಿರಿ. ತೇವದ ಜಾಗದಲ್ಲಿದ್ದ ಕಾರ್ಡಿನ ಒಳಗೂ ತುಕ್ಕು ಇರಬಹುದು.

ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಸಲೀಸಾಗಿ ಒಂದೆರಡು ಸುತ್ತು ತಿರುಗಿ ನಿಲ್ಲಬೇಕು. ಗರಗರ ಎಂದರೆ, ಬಿಗಿಯಾಗಿದ್ದರೆ, ಅಥವಾ ಎಲೆ ಹಿಡಿದು ಅಲ್ಲಾಡಿಸಿದಾಗ ಹೆಚ್ಚು ತೂಗಾಡಿದರೆ ಬೇರಿಂಗ್ ಸವೆದಿದೆ. ಕಂಪ್ಯೂಟರ್ ಸುಮ್ಮನಿದ್ದಾಗ ಫ್ಯಾನ್ ನಿಂತೇ ಇದ್ದರೆ ಗಾಬರಿಯಾಗಬೇಡಿ, ಬಿಸಿಯೇರುವ ತನಕ ತಿರುಗದಂತೆ ಅನೇಕ ಕಾರ್ಡ್‌ಗಳನ್ನು ಮಾಡಿರುತ್ತಾರೆ. ಫ್ಯಾನ್ ಬದಲಿಸುವುದು ದೊಡ್ಡ ಖರ್ಚಲ್ಲ. ಅದು ಚೌಕಾಶಿಗೆ ಕಾರಣ, ಕಾರ್ಡ್ ಬಿಡಲು ಕಾರಣವಲ್ಲ.

ಇಪ್ಪತ್ತು ನಿಮಿಷ ಓಡಿಸಿ

ಅಸಲಿ ಪರೀಕ್ಷೆ ಇದು. ಹಾಳಾದ ಮೆಮೊರಿ ತಣ್ಣಗಿದ್ದಾಗ ಸರಿಯಾಗಿಯೇ ನಡೆದು, ಬಿಸಿಯಾದ ಮೇಲೆ ತಪ್ಪಲು ಶುರುವಾಗುವುದುಂಟು. ಸತ್ತ ಕಾರ್ಡಿಗೆ ಬಿಸಿಗಾಳಿ ಹಾಯಿಸಿ ಕೆಲವು ದಿನಕ್ಕೆ ಜೀವ ತುಂಬಿ ಮಾರುವವರೂ ಇದ್ದಾರೆ. ಹಾಗಾಗಿ ಎರಡು ನಿಮಿಷದ ಡೆಮೊ ಸಾಲದು.

Heaven ಎಂಬ ಉಚಿತ ಪರೀಕ್ಷೆಯನ್ನು ಇಪ್ಪತ್ತು ನಿಮಿಷ ಓಡಿಸಿ, ಪರದೆ ನೋಡುತ್ತಿರಿ. ಬಣ್ಣದ ಚೌಕಗಳು, ಮಿನುಗುವ ಚುಕ್ಕಿಗಳು, ಗೆರೆಗಳು, ಚಿತ್ರದಿಂದ ಚೂಪಾಗಿ ಹೊರಚಾಚುವ ತ್ರಿಕೋನಗಳು ಕಂಡರೆ ಅವಕ್ಕೆ ಆರ್ಟಿಫ್ಯಾಕ್ಟ್ ಎನ್ನುತ್ತಾರೆ. ತಪ್ಪು ಕಾರ್ಡಿನದೋ ಕೇಬಲ್ಲಿನದೋ ಎಂದು ತಿಳಿಯಲು ಸ್ಕ್ರೀನ್‌ಶಾಟ್ ತೆಗೆದು ನಿಮ್ಮ ಫೋನಿಗೆ ಕಳಿಸಿ ನೋಡಿ. ಫೋನಿನಲ್ಲೂ ಚೌಕಗಳು ಕಂಡರೆ ತಪ್ಪು ಕಾರ್ಡಿನದೇ. ಫೋನಿನಲ್ಲಿ ಚಿತ್ರ ಶುದ್ಧವಾಗಿದ್ದರೆ ಕೇಬಲ್ ಅಥವಾ ಮಾನಿಟರ್ ಬದಲಿಸಿ ಇನ್ನೊಮ್ಮೆ ನೋಡಿ. ಆಗಲೂ ಹೋಗದಿದ್ದರೆ ಕಾರ್ಡ್ ಬೇಡ.

ಆಮೇಲೆ OCCT ತಂತ್ರಾಂಶದ VRAM ಪರೀಕ್ಷೆ ಓಡಿಸಿ. ಅದು ಮೆಮೊರಿಯಲ್ಲಿ ಬರೆದು, ಮತ್ತೆ ಓದಿ, ತಪ್ಪುಗಳನ್ನು ಎಣಿಸುತ್ತದೆ. ಎಣಿಕೆ ಸೊನ್ನೆಯೇ ಇರಬೇಕು. ಒಂದು ತಪ್ಪು ಬಂದರೂ ಆ ಕಾರ್ಡ್ ಬೇಡ. ಮೆಮೊರಿ ಚಿಪ್ ಬದಲಿಸುವುದು ಮಾಮೂಲಿ ರಿಪೇರಿ ಅಂಗಡಿಯ ಕೆಲಸವಲ್ಲ.

ಚಳಿಗಾಲದ ಅಳತೆ ಬೇಸಿಗೆಗೆ ನಡೆಯದು

ಓಡುವಾಗ GPU-Zಯ Sensors ಪುಟದಲ್ಲಿ ಬಿಸಿ ಎಷ್ಟೆಂದು ನೋಡಿ, ಜೊತೆಗೆ ಆ ಕೋಣೆಯ ಬಿಸಿಯನ್ನೂ ಗಮನಿಸಿ. ಬೆಂಗಳೂರಿನಲ್ಲಿ ಡಿಸೆಂಬರಿನ 25 ಡಿಗ್ರಿಯ ಕೋಣೆಯಲ್ಲಿ ಕಾರ್ಡ್ 74 ಡಿಗ್ರಿ ತೋರಿಸಿತು ಅನ್ನಿ, ವ್ಯತ್ಯಾಸ 49. ಅದೇ ಕಾರ್ಡ್ ಏಪ್ರಿಲ್‌ನಲ್ಲಿ ಹಾವೇರಿಯ 37 ಡಿಗ್ರಿಯ ಕೋಣೆಯಲ್ಲಿ 86ರ ಹತ್ತಿರ ಹೋಗುತ್ತದೆ, ಇಲ್ಲವೇ ಅಷ್ಟಕ್ಕೆ ಏರದಂತೆ ಫ್ಯಾನ್ ಜೋರಾಗಿ ಅರಚುತ್ತದೆ. ತಂಪು ಕೋಣೆಯಲ್ಲೇ 80 ದಾಟಿದರೆ ದೂಳು ತೆಗೆಸಿ ಪೇಸ್ಟ್, ಪ್ಯಾಡ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಂಥ ದೂಳಿನ ಜಾಗದಲ್ಲಿ ಕಂಪ್ಯೂಟರ್ ಇಡುವವರು ಈ ಲೆಕ್ಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು. ಅಲ್ಲಿ ಕಾರ್ಡಿನ ಲೋಹದ ಎಲೆಗಳ ನಡುವೆ ದೂಳು ಬೇಗ ಕಟ್ಟಿಕೊಳ್ಳುತ್ತದೆ.

ದುಡ್ಡು ಯಾವಾಗ ಕೊಡಬೇಕು?

ಕಾರ್ಡ್ ಓಡುತ್ತಿರುವ ವಿಡಿಯೊ ಕಳಿಸಿದರೆ ಸಾಲದು, ಅದು ಯಾವ ಕಾರ್ಡಿನದೋ, ಯಾವ ತಿಂಗಳಿನದೋ ಗೊತ್ತಾಗುವುದಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯಲ್ಲಿವೆ. ಒಂದು ದಿನ ಹೋಗಿ ಎದುರಿಗೇ ಓಡಿಸಿ ನೋಡುವುದು, ಪಾರ್ಸೆಲ್ ಬಂದ ಮೇಲೆ ಜಗಳವಾಡುವುದಕ್ಕಿಂತ ಅಗ್ಗ. ಹೋಗಲಾಗದಿದ್ದರೆ ಪರೀಕ್ಷೆಗೆ ಎರಡು ದಿನ, ಕೆಟ್ಟಿದ್ದರೆ ವಾಪಸ್ ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ. ಕಾರ್ಡಿನ ಮೇಲಿನ ಸೀರಿಯಲ್ ನಂಬರಿನ ಫೋಟೊವನ್ನೂ ಮೊದಲೇ ತರಿಸಿಕೊಳ್ಳಿ.

ಒಟ್ಟಿನಲ್ಲಿ ಫ್ಯಾನ್, ಪೇಸ್ಟ್, ಪ್ಯಾಡ್, ಬಯಾಸ್ ಸರಿಪಡಿಸಬಹುದಾದವು, ಬೆಲೆ ಇಳಿಸಿ ಕೊಳ್ಳಬಹುದು. ಆರ್ಟಿಫ್ಯಾಕ್ಟ್, ಮೆಮೊರಿಯ ತಪ್ಪು, ತುಕ್ಕು ಈ ಮೂರರಲ್ಲಿ ಒಂದು ಕಂಡರೂ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.