ಗಡಿಯ ಎರಡು ಬದಿಯ ಕಾಗದಗಳು: ಮತ್ತಿಗಿರಿ ಸೀಮೆಯ ಅಪಘಾತ ಪರಿಹಾರ ಅರ್ಜಿಗಳಲ್ಲಿ ಸಾಕ್ಷ್ಯದ ಬಲಾಬಲ

ಹೊಸೂರಿಗೆ ಅಂಟಿಕೊಂಡಿರುವ ಮತ್ತಿಗಿರಿಯಲ್ಲಿ ರಸ್ತೆ ಅಪಘಾತದ ದಾಖಲೆಗಳು ಒಂದೇ ಊರಿನಲ್ಲಿ, ಒಂದೇ ಭಾಷೆಯಲ್ಲಿ ಹುಟ್ಟುವುದು ಅಪರೂಪ. ಪೆಟ್ಟು ಬಿದ್ದದ್ದು ತಮಿಳುನಾಡಿನಲ್ಲಿ, ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲಿ. ಠಾಣೆಯ ಕಾಗದ ತಮಿಳಿನಲ್ಲಿ, ಆಸ್ಪತ್ರೆಯದು ಇಂಗ್ಲಿಷಿನಲ್ಲಿ, ಗಾಯಾಳುವಿನ ಮನೆಮಾತು ಕನ್ನಡ. ಹೆದ್ದಾರಿ 44ರಲ್ಲಿ ಅತ್ತಿಬೆಲೆ ದಾಟಿದ ಮೇಲೆ ಅಪಘಾತವಾದರೆ ಇದೆಲ್ಲ ತಿರುವುಮುರುವು. ಇಂಥಲ್ಲಿ ಪರಿಹಾರದ ಅರ್ಜಿ ಗಟ್ಟಿಯಾಗುವುದು ಕಾಗದದ ರಾಶಿಯಿಂದಲ್ಲ. ನ್ಯಾಯಾಲಯದ ಯೋಚನೆಯೇ ಇಲ್ಲದ ಹೊತ್ತಿನಲ್ಲಿ ಬರೆಯಲಾದ ಮೊದಲ ಕಾಗದ ಯಾವುದು, ಆಮೇಲಿನ ಫೋಟೊ, ಬಿಲ್ಲು, ಸಾಕ್ಷಿಗಳು ಅದರೊಂದಿಗೆ ಎಷ್ಟು ಹೊಂದುತ್ತವೆ ಎಂಬುದರ ಮೇಲೆ ಅರ್ಜಿಯ ಗತಿ ನಿಂತಿದೆ ಎಂಬುದು ಈ ಲೇಖನದ ವಾದ.

ವಾದಕ್ಕೆಂದೇ ಒಂದು ಕಲ್ಪಿತ ಉದಾಹರಣೆ ಕಟ್ಟಿಕೊಳ್ಳೋಣ. ಮತ್ತಿಗಿರಿಯ 38 ವರ್ಷದ ವೆಲ್ಡರ್, ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ಕೆಲಸ. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುವಾಗ ಹಿಂದಿನಿಂದ ಸರಕಿನ ಟೆಂಪೊ ಗುದ್ದಿ ಬಲಗಾಲಿನ ಮೂಳೆ ಮುರಿಯಿತು. ದಾರಿಹೋಕರು ಆಟೊದಲ್ಲಿ ಹೊಸೂರಿನ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಮರುದಿನ ಮನೆಯವರು ಬೆಂಗಳೂರಿಗೆ ಒಯ್ದರು. ಠಾಣೆಗೆ ದೂರು ಹೋದದ್ದು ನಾಲ್ಕನೆಯ ದಿನ.

ಈ ಅರ್ಜಿಗೆ ವಿಮಾ ಕಂಪನಿ ಕೊಡುವ ಉತ್ತರವನ್ನು ಈಗಲೇ ಊಹಿಸಬಹುದು: ಆತ ತಾನೇ ಜಾರಿ ಬಿದ್ದ, ಟೆಂಪೊವನ್ನು ಆಮೇಲೆ ಸೇರಿಸಲಾಗಿದೆ. ದೂರು ತಡವಾದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲವೆಂದು ಸುಪ್ರೀಂ ಕೋರ್ಟ್ ರವಿ ವಿರುದ್ಧ ಬದ್ರಿನಾರಾಯಣ್ ಪ್ರಕರಣದಲ್ಲಿ (2011) ಹೇಳಿದೆ. ಗಾಯಾಳುವಿನ ಮನೆಯವರು ಮೊದಲು ಓಡುವುದು ಆಸ್ಪತ್ರೆಗೇ ಹೊರತು ಠಾಣೆಗಲ್ಲ. ಆದರೆ ಆ ನಾಲ್ಕು ದಿನಗಳ ಖಾಲಿಯನ್ನು ಏನಾದರೂ ತುಂಬಬೇಕು. ತುಂಬುವುದು ಆಸ್ಪತ್ರೆಯ ಮೊದಲ ನಮೂದು. ತಮಿಳುನಾಡಿನಲ್ಲಿ ಅದನ್ನು ಆಕ್ಸಿಡೆಂಟ್ ರಿಜಿಸ್ಟರ್ ಎನ್ನುತ್ತಾರೆ, ಕರ್ನಾಟಕದಲ್ಲಿ ಎಂಎಲ್‌ಸಿ ಪುಸ್ತಕ. ಕರ್ತವ್ಯದಲ್ಲಿದ್ದ ವೈದ್ಯರು ಎರಡು ಸಾಲು ಬರೆದಿರುತ್ತಾರೆ: ಯಾರು ಕರೆತಂದರು, ಹೇಗಾಯಿತೆಂದು ಹೇಳಿದರು. ಅಲ್ಲಿ ‘ಟೆಂಪೊ ಡಿಕ್ಕಿ’ ಎಂದಿದ್ದರೆ ದೂರಿನ ವಿಳಂಬ ಬಹುಮಟ್ಟಿಗೆ ನಿರಪಾಯ. ಬದಲಿಗೆ ಜೊತೆಗೆ ಬಂದವನು ಗಡಿಬಿಡಿಯಲ್ಲಿ ‘ಬೈಕಿನಿಂದ ಬಿದ್ದ’ ಎಂದುಬಿಟ್ಟಿದ್ದರೆ, ಆ ಎರಡು ಶಬ್ದಗಳನ್ನೇ ಹಿಡಿದು ಪಾಟೀ ಸವಾಲು ಗಂಟೆಗಟ್ಟಲೆ ಸಾಗುತ್ತದೆ. ಆ ನಮೂದೇ ಅಂತಿಮ ಪುರಾವೆಯಲ್ಲ. ವೈದ್ಯರು ಘಟನೆ ಕಂಡವರಲ್ಲ. ಆದರೂ ಅದನ್ನು ಮಣಿಸಲು ಹೇಳಿಕೆ ಕೊಟ್ಟವನನ್ನೇ ಸಾಕ್ಷಿಕಟ್ಟೆಗೆ ತರಬೇಕಾದೀತು. ಹಾಗಾಗಿ ನಮೂದಿನ ಪ್ರತಿಯನ್ನು ಮೊದಲ ವಾರದಲ್ಲೇ ಪಡೆದು ಓದಿಸಿಕೊಳ್ಳುವುದು ಒಳ್ಳೆಯದು.

ಓದಿಸಿಕೊಳ್ಳುವುದೆಂದೆ. ಈ ಸೀಮೆಯ ಕನ್ನಡಿಗರಲ್ಲಿ ತಮಿಳು ಮಾತು ಬಂದರೂ ಅಕ್ಷರ ಬಾರದವರಿದ್ದಾರೆ. ತಮಿಳಿನಲ್ಲಿ ಬರೆದ ದೂರಿಗೆ ಅವರು ಸಹಿ ಹಾಕುತ್ತಾರೆ, ವರ್ಷದ ಬಳಿಕ ಅದರಲ್ಲಿರುವ ಸಂಗತಿಗೆ ವಿರುದ್ಧವಾಗಿ ಪ್ರಮಾಣ ಮಾಡುತ್ತಾರೆ. ಸುಳ್ಳು ಹೇಳಬೇಕೆಂದಲ್ಲ, ಏನು ಬರೆದಿದೆಯೆಂದು ಗೊತ್ತಿಲ್ಲದೆ. ಇಂಥ ಅರ್ಜಿಗಳಲ್ಲಿ ನನಗೆ ಅತ್ಯಂತ ವ್ಯರ್ಥವೆನಿಸುವ ಸೋಲು ಇದೇ.

ಫೋಟೊಗಳ ವಿಷಯ ಸ್ವಲ್ಪ ಬೇರೆ. ಪೊಲೀಸರು ಸ್ಥಳದ ನಕ್ಷೆ ಬರೆಯುವ ಹೊತ್ತಿಗೆ ವಾಹನಗಳನ್ನು ಸರಿಸಿಯಾಗಿರುತ್ತದೆ. ಆದ್ದರಿಂದ ವಾಹನ ನಿಂತ ಜಾಗ, ಬ್ರೇಕಿನ ಗುರುತು, ಒಡೆದ ಗಾಜು ಚೆಲ್ಲಿದ ಎಡೆ, ರಸ್ತೆಯ ಅಂಚು ಇಷ್ಟನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸುವ ದೂರದ ಚಿತ್ರಕ್ಕೆ ರಕ್ತದ ಹತ್ತಿರದ ಚಿತ್ರಕ್ಕಿಂತ ಹೆಚ್ಚು ಬೆಲೆ. ನಮ್ಮ ವೆಲ್ಡರನ ಬೈಕನ್ನೇ ನೋಡಿ. ಜಾರಿ ಬಿದ್ದ ಬೈಕಿನಲ್ಲಿ ಹ್ಯಾಂಡಲ್ ತುದಿ, ಕಾಲುಪಟ್ಟಿ, ಸೈಲೆನ್ಸರ್ ಹೀಗೆ ಒಂದು ಮಗ್ಗುಲು ಉಜ್ಜಿರುತ್ತದೆ. ಹಿಂದಿನಿಂದ ಗುದ್ದಿಸಿಕೊಂಡದ್ದರಲ್ಲಿ ಹಿಂಬದಿಯ ಮಡ್‌ಗಾರ್ಡ್ ಒಳಮಡಚಿ, ದೀಪ ಪುಡಿಯಾಗಿ, ಕೆಲವೊಮ್ಮೆ ಟೆಂಪೊದ ಬಣ್ಣವೂ ಮೆತ್ತಿಕೊಂಡಿರುತ್ತದೆ. ಮೋಟಾರು ವಾಹನ ಇನ್ಸ್‌ಪೆಕ್ಟರರ ತಪಾಸಣಾ ವರದಿಯಲ್ಲೂ ಅದೇ ಹಾನಿ ನಮೂದಾಗಿದ್ದರೆ ‘ತಾನೇ ಬಿದ್ದ’ ಎಂಬ ವಾದ ಕುಸಿಯುತ್ತದೆ. ವಿಚಾರಣೆಗೆ ಮುಂಚೆ ಬೈಕನ್ನು ರಿಪೇರಿ ಮಾಡಿಸಿದವರು ಈ ಪುರಾವೆಯನ್ನು ಗ್ಯಾರೇಜಿನಲ್ಲೇ ಕಳೆದುಕೊಳ್ಳುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಡಿಜಿಟಲ್ ಚಿತ್ರದ ಜೊತೆ ಎರಡು ಭಾಗದ ಪ್ರಮಾಣಪತ್ರ ಕೇಳುತ್ತದೆ: ಒಂದು ಭಾಗವನ್ನು ಚಿತ್ರ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ಕೊಡಬೇಕು, ಕಡತದ ಹ್ಯಾಶ್ ಮೌಲ್ಯ ಅದರಲ್ಲಿರಬೇಕು. ವಾಟ್ಸ್ಆ್ಯಪಿನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿ ಕುಗ್ಗಿರುತ್ತದೆ, ತೆಗೆದ ಸಮಯದ ವಿವರವೂ ಉದುರಿರುತ್ತದೆ. ಮೂಲ ಚಿತ್ರ ತೆಗೆದ ಫೋನಿನಲ್ಲೇ ಉಳಿಯಬೇಕು, ತೆಗೆದವರ ಹೆಸರು ಗೊತ್ತಿರಬೇಕು. ಪರಿಹಾರ ನ್ಯಾಯಮಂಡಳಿ ಸಾಕ್ಷ್ಯದ ನಿಯಮಗಳಿಗೆ ಕಟ್ಟುನಿಟ್ಟಾಗಿ ಕಟ್ಟುಬಿದ್ದಿಲ್ಲ ನಿಜ. ಆದರೆ ಆ ಸಡಿಲಿಕೆಯನ್ನೇ ನಂಬಿ ಕೂರುವುದು ಜಾಣತನವಲ್ಲ. ಅಂಗಡಿಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತ ಹೋಗುವುದರಿಂದ, ಅದನ್ನು ಉಳಿಸಿಡುವಂತೆ ಠಾಣೆಗೂ ಅಂಗಡಿಗೂ ಬೇಗ ಲಿಖಿತ ಮನವಿ ಕೊಡಬೇಕು.

ಇನ್ನು ಸಾಕ್ಷಿ. ಪೊಲೀಸರು ಬರೆದುಕೊಂಡ ಹೇಳಿಕೆಯೇ ಸಾಕ್ಷ್ಯವಲ್ಲ. ಹೇಳಿದವರು ಬಂದು ಪಾಟೀ ಸವಾಲಿಗೆ ಒಡ್ಡಿಕೊಳ್ಳಬೇಕು. ದೋಷಾರೋಪ ಪಟ್ಟಿಯಲ್ಲಿ ಹೆಸರಿರುವ ಆಟೊ ಚಾಲಕನ ಮಾತಿಗಿರುವ ತೂಕ, ಎರಡು ವರ್ಷದ ನಂತರ ಹಠಾತ್ತನೆ ಹಾಜರಾಗುವ ‘ಪ್ರತ್ಯಕ್ಷದರ್ಶಿ’ಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಅಲ್ಲಿ ನಿನಗೇನು ಕೆಲಸವಿತ್ತು ಎಂಬ ಒಂದೇ ಪ್ರಶ್ನೆ ಅವನನ್ನು ಅಲ್ಲಾಡಿಸುತ್ತದೆ. ಇಲ್ಲಿ ಬೇಕಾದದ್ದು ಸಂಶಯಾತೀತ ರುಜುವಾತಲ್ಲ. ಯಾವುದು ಹೆಚ್ಚು ಸಂಭವನೀಯವೋ ಅದನ್ನು ತೋರಿಸಿದರೆ ಸಾಕು ಎಂದು ಬಿಮ್ಲಾ ದೇವಿ ಪ್ರಕರಣ (2009) ನೆಲೆಗೊಳಿಸಿದೆ.

ಹಣದ ಲೆಕ್ಕಕ್ಕೆ ಬಂದರೆ ಜನ ಬಿಲ್ಲುಗಳನ್ನು ಜೋಪಾನ ಮಾಡುತ್ತಾರೆ, ಆದಾಯದ ದಾಖಲೆಯನ್ನು ಮರೆಯುತ್ತಾರೆ. ಔಷಧಿ ಬಿಲ್ಲಿಗೆ ರೋಗಿಯ ಹೆಸರು, ತಾರೀಕು, ವೈದ್ಯರ ಚೀಟಿ ಮೂರೂ ಇರಬೇಕು. ಮುಂಗಡ ಕಟ್ಟಿದ ರಸೀದಿಯನ್ನೂ ಕೊನೆಯ ಬಿಲ್ಲನ್ನೂ ಕೂಡಿಸಿದರೆ ಒಂದೇ ಮೊತ್ತ ಎರಡು ಸಲ ಬಂದು ಉಳಿದ ಬಿಲ್ಲುಗಳ ಮೇಲೂ ಅನುಮಾನ ಹುಟ್ಟುತ್ತದೆ. ಆದರೆ ದೊಡ್ಡ ಮೊತ್ತ ಇರುವುದು ಬೇರೆಡೆ. ವೆಲ್ಡರನ ದುಡಿಮೆಯ ಶಕ್ತಿ ಶೇ. 20ರಷ್ಟು ಕುಂದಿದೆ ಎಂದಿಟ್ಟುಕೊಳ್ಳಿ. ವಯಸ್ಸು 38 ಆದ್ದರಿಂದ ಸರಳಾ ವರ್ಮಾ ತೀರ್ಪಿನ (2009) ಪ್ರಕಾರ ಗುಣಕ 15. ಕಾಯಂ ನೌಕರಿಯಲ್ಲದವನಿಗೆ ಮುಂದಿನ ಆದಾಯ ವೃದ್ಧಿಗೆಂದು ಪ್ರಣಯ್ ಸೇಥಿ ತೀರ್ಪು (2017) ಸೇರಿಸುವುದು ಶೇ. 40. ಆದಾಯಕ್ಕೆ ದಾಖಲೆಯಿಲ್ಲದೆ ನ್ಯಾಯಮಂಡಳಿ ತಿಂಗಳಿಗೆ 15,000 ಎಂದು ಅಂದಾಜಿಸಿದರೆ, 21,000ವನ್ನು 12ರಿಂದ, 15ರಿಂದ ಗುಣಿಸಿ ಶೇ. 20 ತೆಗೆದಾಗ 7,56,000 ರೂಪಾಯಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಿಂಗಳು ತಿಂಗಳೂ 20,000 ಜಮೆಯಾದದ್ದು ಕಂಡರೆ ಅದೇ ಲೆಕ್ಕ 10,08,000. ಅಂತರ 2,52,000.

ಆ ಶೇ. 20 ಕೂಡ ತಾನಾಗಿ ಬರುವುದಿಲ್ಲ. ಕಾಲಿಗಾದ ಊನದ ಪ್ರಮಾಣ ಬೇರೆ, ದುಡಿಮೆಗಾದ ನಷ್ಟ ಬೇರೆ ಎಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು (2011) ಸ್ಪಷ್ಟಪಡಿಸಿದೆ. ಕುಕ್ಕರಗಾಲಲ್ಲಿ ಕೂರಲಾಗದವನು ನೆಲಮಟ್ಟದ ವೆಲ್ಡಿಂಗ್ ಮಾಡಲಾರ. ಇದನ್ನು ಚಿಕಿತ್ಸೆ ನೀಡಿದ ವೈದ್ಯರ ಬಾಯಿಂದಲೇ ಹೇಳಿಸಬೇಕು. ಬೆಂಗಳೂರಿನ ವೈದ್ಯರು ಹೊಸೂರಿಗೆ ಬರುವುದು ಕಷ್ಟವೆಂದು ಬರೀ ಪ್ರಮಾಣಪತ್ರ ಹಾಜರುಪಡಿಸಿದರೆ ಅದರ ಬೆಲೆ ಇಳಿಯುತ್ತದೆ.

ಎಲ್ಲಿ ಅರ್ಜಿ ಹಾಕಬೇಕೆಂಬುದನ್ನೂ ಈ ದಾಖಲೆಗಳನ್ನು ನೋಡಿಯೇ ತೀರ್ಮಾನಿಸಬಹುದು. ಮೋಟಾರು ವಾಹನ ಕಾಯ್ದೆಯ 166(2)ನೇ ಕಲಮಿನಡಿ ಅಪಘಾತ ನಡೆದಲ್ಲಿ, ಅರ್ಜಿದಾರ ವಾಸವಿರುವಲ್ಲಿ ಅಥವಾ ಎದುರುದಾರ ವಾಸವಿರುವಲ್ಲಿ ಅರ್ಜಿ ಸಲ್ಲಿಸಬಹುದು. ಅತ್ತಿಬೆಲೆಯಲ್ಲಿ ಪೆಟ್ಟಾದ ಮತ್ತಿಗಿರಿಯವರು ಊರಿಗೆ ಹತ್ತಿರವೆಂದು ತಮಿಳುನಾಡಿನಲ್ಲಿ ಎಂಸಿಒಪಿ ಹಾಕಿದರೆ ಕನ್ನಡದ ಮಹಜರು, ದೋಷಾರೋಪ ಪಟ್ಟಿಗಳನ್ನು ಭಾಷಾಂತರಿಸಬೇಕಾಗುತ್ತದೆ. ಸಾಕ್ಷಿಗಳೂ ವೈದ್ಯರೂ ಕರ್ನಾಟಕದಲ್ಲೇ ಇದ್ದರೆ ಅಲ್ಲೇ ಎಂವಿಸಿ ಅರ್ಜಿ ಹಾಕುವುದು ಮೇಲು. ಎಲ್ಲಿಯೇ ಆಗಲಿ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 166(3)ನೇ ಕಲಮು ಅಪಘಾತದ ದಿನದಿಂದ ಆರು ತಿಂಗಳ ಗಡುವು ಹಾಕಿದೆ. ಗಡುವಿನ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯೆಂದು ಯಾರೂ ತಡಮಾಡದಿರಲಿ. ಬೆಂಗಳೂರಿನ ವೈದ್ಯರ ವರದಿ ಬಾಕಿಯಿದ್ದರೂ ಅರ್ಜಿ ಮೊದಲು ದಾಖಲಾಗಲಿ.